ಉಚಿತ ಕ್ರೆಡಿಟ್ ಹಾಳಾಗದಂತೆ ಫೋಟೋದ ಉಡುಪು ಬದಲಿಸುವುದು: ಮೊದಲು ಸಣ್ಣ ತುಂಡಿನಲ್ಲಿ ಪರೀಕ್ಷೆ

ಊರಿನಲ್ಲಿ ಹೊಸ ಮನೆಯ ಗೃಹಪ್ರವೇಶ. ಆಮಂತ್ರಣ ಪತ್ರಿಕೆಯಲ್ಲಿ ಗಂಡ ಹೆಂಡತಿ ಇಬ್ಬರ ಫೋಟೋ ಹಾಕಬೇಕು. ಗಂಡ ಇರುವುದು ಮರುಭೂಮಿಯ ಸೈಟ್ ಕ್ಯಾಂಪ್‌ನಲ್ಲಿ, ರಜೆ ಸಿಗುವುದು ಕಾರ್ಯಕ್ರಮದ ಹಿಂದಿನ ದಿನ. ಪ್ರೆಸ್‌ನವರಿಗೆ ಫೋಟೋ ಬೇಕಾದದ್ದು ಮಾತ್ರ ನಾಳೆ ಸಂಜೆಯೊಳಗೆ. ಇರುವ ಒಂದೇ ಒಳ್ಳೆಯ ಫೋಟೋದಲ್ಲಿ ಮೈಮೇಲೆ ಕಿತ್ತಳೆ ಬಣ್ಣದ ಕವರಾಲ್, ಎದೆಯ ಮೇಲೆ ಕಂಪನಿಯ ಲೋಗೋ, ಭುಜದ ಮೇಲೆ ಹೊಳೆಯುವ ಪಟ್ಟಿ. "ಮುಖ ಚಂದ ಬಂದಿದೆ, ಆದ್ರೆ ಕಾರ್ಡಿಗೆ ಈ ಡ್ರೆಸ್ಸಿನದ್ದು ಕೊಡ್ಲಿಕ್ಕೆ ಆಗುದಿಲ್ಲ, ನೀವೇ ಏನಾದ್ರೂ ಮಾಡಿ" ಎಂದು ಮನೆಯಿಂದ ವಾಟ್ಸಾಪ್ ಬರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊರೆ ಹೋಗುವುದು ಆನ್‌ಲೈನ್ ಇಮೇಜ್ ಎಡಿಟರ್‌ಗೆ. ಬದಲಿಸಬೇಕಾದ ಜಾಗದ ಮೇಲೆ ಬೆರಳಲ್ಲಿ ಬಳಿದು, ಯಾವ ಉಡುಪು ಬೇಕೆಂದು ಟೈಪ್ ಮಾಡಿದರೆ ಎಐ ಅಲ್ಲಿ ಹೊಸ ಉಡುಪು ಬಿಡಿಸಿ ಕೊಡುತ್ತದೆ. ಆದರೆ ಉಚಿತ ಖಾತೆಗೆ ಸಿಗುವ ಕ್ರೆಡಿಟ್ ಕೈಬೆರಳಲ್ಲಿ ಎಣಿಸುವಷ್ಟು. ಇಡೀ ಫೋಟೋ ಹಾಕಿ, ಬಾಯಿಗೆ ಬಂದದ್ದನ್ನು ಟೈಪ್ ಮಾಡಿ, ಎರಡು ಮೂರು ಸಲ ಬಟನ್ ಒತ್ತುವಷ್ಟರಲ್ಲಿ ಅದು ಖಾಲಿ. ಇದಕ್ಕೆ ಬಳಸಿ ನೋಡಿದವರು ಅನುಸರಿಸುವ ಒಂದು ದಾರಿ ಇದೆ. ಉಡುಪು ಇರುವ ಭಾಗವನ್ನಷ್ಟೇ ಕತ್ತರಿಸಿ, ಅದನ್ನು ಸಣ್ಣದು ಮಾಡಿ, ಪದಗಳನ್ನು ಅದರ ಮೇಲೆ ಪರೀಕ್ಷಿಸುವುದು. ಪದ ಸರಿಹೋದ ಮೇಲೆ ಮಾತ್ರ ದೊಡ್ಡ ಗಾತ್ರಕ್ಕೆ ಕ್ರೆಡಿಟ್ ಹಾಕುವುದು. ಮೇಲಿನ ಗೃಹಪ್ರವೇಶದ ಫೋಟೋವನ್ನೇ ಉದಾಹರಣೆಯಾಗಿ ಹಿಡಿದು ಅದನ್ನು ಹಂತ ಹಂತವಾಗಿ ನೋಡೋಣ.

ಒಂದು ಮಾತು ಮೊದಲೇ. ಒಂದು ಬಿಳಿ ಅಂಗಿ ಸಿಗುವಂತಿದ್ದರೆ, ರೂಮ್‌ಮೇಟ್ ಕೈಗೆ ಮೊಬೈಲ್ ಕೊಟ್ಟು ಹೊಸ ಫೋಟೋ ತೆಗೆಸಿಕೊಳ್ಳುವುದೇ ಒಳ್ಳೆಯದು. ಅದಕ್ಕೆ ಒಂದು ಕ್ರೆಡಿಟ್ ಕೂಡ ಬೇಡ. ಈ ಕೆಲಸ ಬೇಕಾಗುವುದು ಅದು ಆಗದಿದ್ದಾಗ ಮಾತ್ರ.

ಮೊದಲು ಕ್ರೆಡಿಟ್ ಲೆಕ್ಕ ತಿಳಿಯಬೇಕು

ಎಲ್ಲ ಎಡಿಟರ್‌ಗಳೂ ಒಂದೇ ರೀತಿ ಕ್ರೆಡಿಟ್ ಕಡಿತ ಮಾಡುವುದಿಲ್ಲ. ಮುಖ್ಯವಾಗಿ ಎರಡು ಬಗೆ ಇದೆ. ಒಂದು ಬಗೆಯಲ್ಲಿ ಚಿತ್ರ ದೊಡ್ಡದಾದಷ್ಟೂ ಹೆಚ್ಚು ಕ್ರೆಡಿಟ್. ಇನ್ನೊಂದರಲ್ಲಿ ಚಿತ್ರ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಒಂದು ಸಲ ಬಟನ್ ಒತ್ತಿದರೆ ಇಷ್ಟು ಎಂದು ಲೆಕ್ಕ. ನಿಮ್ಮದು ಯಾವ ಬಗೆ ಎಂದು ತಿಳಿಯದೆ ಶುರು ಮಾಡಿದರೆ ಯೋಜನೆ ಹಾಕುವುದೇ ಕಷ್ಟ.

ತಿಳಿಯುವುದು ಹೇಗೆ? ಕೆಲವು ಎಡಿಟರ್‌ಗಳಲ್ಲಿ `Generate` ಬಟನ್‌ನ ಮೇಲೆ ಅಥವಾ ಪಕ್ಕದಲ್ಲೇ ಎಷ್ಟು ಕ್ರೆಡಿಟ್ ಹೋಗುತ್ತದೆ ಎಂದು ಕಾಣುತ್ತದೆ. ಒಂದು ಸಣ್ಣ ಚಿತ್ರ ಹಾಕಿ ಆ ಸಂಖ್ಯೆ ನೋಡಿ, ಮತ್ತೆ ದೊಡ್ಡ ಚಿತ್ರ ಹಾಕಿ ನೋಡಿ. ಬಟನ್ ಒತ್ತುವುದು ಬೇಡ, ಸಂಖ್ಯೆ ಬದಲಾಗುತ್ತದೋ ಇಲ್ಲವೋ ನೋಡಿದರೆ ಸಾಕು. ಸಂಖ್ಯೆ ಕಾಣದಿದ್ದರೆ ಖಾತೆಯ ಪುಟದಲ್ಲಿ ಬಾಕಿ ಎಷ್ಟಿದೆ ಎಂದು ಬರೆದಿಟ್ಟುಕೊಂಡು, ಸಣ್ಣ ತುಂಡಿನ ಮೇಲೆ ಒಂದು ಸಲ ಓಡಿಸಿ, ಮತ್ತೆ ಬಾಕಿ ನೋಡಬೇಕು.

ಇದರ ಜೊತೆಗೇ ಇನ್ನೊಂದನ್ನು ನೋಡಿಕೊಳ್ಳಬೇಕು. ಒಂದು ಸಲಕ್ಕೆ ಎಷ್ಟು ಮಾದರಿ ಬರುತ್ತದೆ ಎನ್ನುವ ಆಯ್ಕೆ ಕೆಲವು ಕಡೆ ತಾನಾಗಿಯೇ 4 ಎಂದು ಇರುತ್ತದೆ. ನಾಲ್ಕಕ್ಕೂ ಬೇರೆ ಬೇರೆ ಕ್ರೆಡಿಟ್ ಹೋಗುವುದಾದರೆ ಅದನ್ನು 1ಕ್ಕೆ ಇಳಿಸಬೇಕು. ಒಂದೇ ಕ್ರೆಡಿಟ್‌ಗೆ ಮೂರೋ ನಾಲ್ಕೋ ಮಾದರಿ ಕೊಡುವುದಾದರೆ ಹಾಗೇ ಬಿಡುವುದು ಲಾಭ. ಕ್ರೆಡಿಟ್ ದಿನಕ್ಕೊಮ್ಮೆ ತುಂಬುತ್ತದೋ ತಿಂಗಳಿಗೊಮ್ಮೆಯೋ ಎಂದೂ ನೋಡಿ. ದಿನಕ್ಕೊಮ್ಮೆ ಆದರೆ ಇವತ್ತು ರಾತ್ರಿ ಪರೀಕ್ಷೆ ಮುಗಿಸಿ, ನಾಳೆ ಬೆಳಿಗ್ಗೆ ದೊಡ್ಡ ಗಾತ್ರಕ್ಕೆ ಹೋಗಬಹುದು.

ನಮ್ಮ ಉದಾಹರಣೆಗೆ ಹೀಗಿಟ್ಟುಕೊಳ್ಳೋಣ. ಖಾತೆಯಲ್ಲಿ 20 ಉಚಿತ ಕ್ರೆಡಿಟ್ ಇದೆ. ಗಾತ್ರದ ಮೇಲೆ ಲೆಕ್ಕ, ಅಂದರೆ 512 × 512 ಪಿಕ್ಸೆಲ್ ಅಳತೆಗೆ 1 ಕ್ರೆಡಿಟ್. ಉದ್ದ ಅಗಲ ಎರಡೂ ದುಪ್ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ, ಹಾಗಾಗಿ 1024 × 1024ಕ್ಕೆ 4 ಕ್ರೆಡಿಟ್.

ಎಷ್ಟು ದೊಡ್ಡ ಫೋಟೋ ಬೇಕು?

ಕಾರ್ಡಿನಲ್ಲಿ ಫೋಟೋ ಬರುವ ಜಾಗ 5 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಉದ್ದ ಎಂದು ಪ್ರೆಸ್‌ನವರು ಹೇಳಿದ್ದಾರೆ ಎನ್ನಿ. ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಬೇಕಾಗುವುದು ಸುಮಾರು 590 × 827 ಪಿಕ್ಸೆಲ್ ಮಾತ್ರ. ಮೊಬೈಲ್ ಫೋಟೋ 3000 × 4000 ಇದೆ ಎಂದು ಅಷ್ಟನ್ನೂ ಎಡಿಟರ್‌ಗೆ ಹಾಕಿದರೆ, ಕಾರ್ಡಿನಲ್ಲಿ ಕಾಣಿಸದ ಪಿಕ್ಸೆಲ್‌ಗಳಿಗೆ ಕ್ರೆಡಿಟ್ ಸುರಿದಂತೆ.

ಹಾಗಾಗಿ ಮೊದಲು ಮೊಬೈಲಿನ ಗ್ಯಾಲರಿಯಲ್ಲೋ ಕಂಪ್ಯೂಟರ್‌ನಲ್ಲೋ ತಲೆಯಿಂದ ಸೊಂಟದವರೆಗಿನ ಭಾಗವನ್ನು 5:7 ಅಳತೆಯಲ್ಲಿ ಕತ್ತರಿಸಿ, 1280 × 1792 ಪಿಕ್ಸೆಲ್‌ಗೆ ಇಳಿಸಿಟ್ಟುಕೊಳ್ಳಬೇಕು. ಕಾರ್ಡಿಗೆ ಬೇಕಾದದ್ದರ ದುಪ್ಪಟ್ಟಿಗಿಂತ ಇದು ಹೆಚ್ಚೇ ಇದೆ. ಇದನ್ನು 'ಕೆಲಸದ ಪ್ರತಿ' ಎನ್ನೋಣ. ಮೂಲ ಫೋಟೋವನ್ನು ಮುಟ್ಟದೆ ಹಾಗೇ ಬೇರೆ ಇಡಬೇಕು. ಊರಿನಿಂದ ಅಥವಾ ಸ್ನೇಹಿತರಿಂದ ಫೋಟೋ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ.

ಕೆಲಸದ ಪ್ರತಿಯನ್ನೇ ಇಡಿಯಾಗಿ ಎಡಿಟರ್‌ಗೆ ಹಾಕಿದರೂ ನಮ್ಮ ಲೆಕ್ಕದಲ್ಲಿ ಒಂದು ಸಲಕ್ಕೆ ಸುಮಾರು 9 ಕ್ರೆಡಿಟ್. ಎರಡು ಸಲ ಒತ್ತಿದರೆ 18 ಹೋಯಿತು. ಉಳಿಯುವುದು 2. ಉಡುಪು ಮಾತ್ರ ಇನ್ನೂ ಸರಿಯಾಗಿರುವುದಿಲ್ಲ.

ತುಂಡು ಎಲ್ಲಿಂದ ಎಲ್ಲಿಯವರೆಗೆ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಉಡುಪು ಮಾತ್ರ ಬೇಕಲ್ಲ ಎಂದು ಎದೆಯ ಭಾಗವನ್ನಷ್ಟೇ ಕತ್ತರಿಸಿ ಹಾಕುತ್ತಾರೆ. ಆಗ ಎಡಿಟರ್‌ಗೆ ಕುತ್ತಿಗೆ ಎಲ್ಲಿದೆ, ಭುಜ ಎಲ್ಲಿ ಇಳಿಯುತ್ತದೆ ಎನ್ನುವುದೇ ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ಅಂಗಡಿಯಲ್ಲಿ ನೇತು ಹಾಕಿದ ಅಂಗಿಯನ್ನೋ, ಇಲ್ಲದ ಇನ್ನೊಂದು ತಲೆಯನ್ನೋ ಬಿಡಿಸಿಬಿಡಬಹುದು. ಬಳಿಯದೆ ಬಿಟ್ಟ ಸುತ್ತಲ ಭಾಗವನ್ನು ನೋಡಿಯೇ ಅದು ಒಳಗಿನದ್ದನ್ನು ಊಹಿಸುವುದು. ಹಾಗಾಗಿ ತುಂಡಿನಲ್ಲಿ ಗಲ್ಲ, ಕುತ್ತಿಗೆ, ಎರಡೂ ಭುಜದ ಅಂಚು, ಅದರಾಚೆ ಸ್ವಲ್ಪ ಹಿನ್ನೆಲೆ ಇವಿಷ್ಟು ಇರಲೇಬೇಕು.

ನಮ್ಮ ಕೆಲಸದ ಪ್ರತಿಯಲ್ಲಿ ಗಲ್ಲದ ತುದಿ ಮೇಲಿನಿಂದ ಸುಮಾರು 830ನೇ ಪಿಕ್ಸೆಲ್‌ನಲ್ಲಿದೆ, ಭುಜದಿಂದ ಭುಜಕ್ಕೆ ಸುಮಾರು 940 ಪಿಕ್ಸೆಲ್ ಎನ್ನಿ. ಆಗ ಎಡದಿಂದ 128, ಮೇಲಿನಿಂದ 768 ಪಿಕ್ಸೆಲ್ ಬಿಟ್ಟು 1024 × 1024ರ ಒಂದು ಚೌಕ ಕತ್ತರಿಸಿದರೆ ಗಲ್ಲದಿಂದ ಫೋಟೋದ ಕೆಳ ಅಂಚಿನವರೆಗೆ ಎಲ್ಲವೂ ಸಿಗುತ್ತದೆ. ಕೆಳಗೆ ಒಂದು ಗೆರೆಯಷ್ಟೂ ಕವರಾಲ್ ಹೊರಗೆ ಉಳಿಯುವುದಿಲ್ಲ. 128 ಮತ್ತು 768 ಎನ್ನುವ ಎರಡು ಸಂಖ್ಯೆಯನ್ನು ಮರೆಯದೆ ಬರೆದಿಟ್ಟುಕೊಳ್ಳಿ. ಕೊನೆಗೆ ಹೊಸ ತುಂಡನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಲು ಅದು ಬೇಕು.

ಈ ಚೌಕದ ಎರಡು ಪ್ರತಿ ಮಾಡಿಕೊಳ್ಳಬೇಕು. ಒಂದನ್ನು 1024 × 1024 ಹಾಗೇ ಇಡುವುದು, ಅದು ಕೊನೆಯ ಕೆಲಸಕ್ಕೆ. ಇನ್ನೊಂದನ್ನು 512 × 512ಕ್ಕೆ ಇಳಿಸುವುದು, ಅದು ಪರೀಕ್ಷೆಗೆ. ಇನ್ನೂ ಸಣ್ಣದು ಮಾಡಿದರೆ ಇನ್ನೂ ಉಳಿತಾಯ ಆಗಬಹುದಲ್ಲ ಎಂದು 256ಕ್ಕೆ ಇಳಿಸುವುದು ಬೇಡ. ಅಷ್ಟು ಸಣ್ಣ ಚಿತ್ರದಲ್ಲಿ ಕಾಲರ್, ಅಂಚು ಎಲ್ಲ ಕಲಸಿಹೋಗಿ, ತಪ್ಪು ಪದದ್ದೋ ಗಾತ್ರದ್ದೋ ಎಂದು ಗೊತ್ತಾಗದು. ಎರಡೂ ಪ್ರತಿಯನ್ನು ಪಿಎನ್‌ಜಿ ಫೈಲ್ ಆಗಿ ಸೇವ್ ಮಾಡಿದರೆ ಮತ್ತೆ ಮತ್ತೆ ತೆರೆದು ಉಳಿಸಿದರೂ ಗುಣಮಟ್ಟ ಕೆಡುವುದಿಲ್ಲ.

ಈ ರೀತಿ ಕತ್ತರಿಸುವುದರಲ್ಲಿ ಕ್ರೆಡಿಟ್‌ಗಿಂತ ದೊಡ್ಡ ಲಾಭ ಎರಡಿದೆ. ಒಂದು, ಮುಖ ಎಡಿಟರ್‌ಗೆ ಹೋಗುವುದೇ ಇಲ್ಲ, ಹಾಗಾಗಿ ಮುಖ ಬದಲಾಗುವುದೂ ಇಲ್ಲ. ಇಡೀ ಫೋಟೋ ಹಾಕಿದಾಗ ಕೆಲವು ಎಡಿಟರ್‌ಗಳು ಬಳಿಯದ ಭಾಗವನ್ನೂ ಸ್ವಲ್ಪ ಹೊಸದಾಗಿ ಬಿಡಿಸುತ್ತವೆ. ಕಣ್ಣು, ಮೀಸೆ ಒಂದಿಷ್ಟು ಬೇರೆಯಾಗಿ, "ಇವರದ್ದೇ ಫೋಟೋ ಹೌದಾ ಮಾರ್ರೆ" ಎಂದು ಊರಿನವರು ಕೇಳುವಂತೆ ಆಗುತ್ತದೆ. ಎರಡು, ಗುರುತು ಸಿಗುವ ಮುಖವಾಗಲಿ, ಹಿಂದೆ ಕಾಣುವ ಸೈಟ್ ಆಗಲಿ ಬೇರೆಯವರ ಸರ್ವರ್‌ಗೆ ಅಪ್‌ಲೋಡ್ ಆಗುವುದು ತಪ್ಪುತ್ತದೆ. ಎದೆಯ ಮೇಲಿನ ಲೋಗೋ ಮಾತ್ರ ತುಂಡಿನೊಳಗೇ ಉಳಿಯುತ್ತದೆ. ಅಪ್‌ಲೋಡ್ ಮಾಡುವ ಮೊದಲೇ ಅದರ ಮೇಲೆ ಮೊಬೈಲಿನಲ್ಲಿ ಕಿತ್ತಳೆ ಬಣ್ಣ ಬಳಿದುಬಿಟ್ಟರೆ ಅದೂ ಹೋಗದು. ಹೇಗೂ ಆ ಜಾಗ ಬದಲಾಗುವಂಥದ್ದೇ.

ಬಳಿಯುವಾಗ ನೋಡಬೇಕಾದದ್ದು

ಬದಲಾಗಬೇಕಾದ ಜಾಗವನ್ನು ಬೆರಳಲ್ಲಿ ಬಳಿದು ಗುರುತು ಮಾಡುವುದಕ್ಕೆ ಮಾಸ್ಕ್ ಎನ್ನುತ್ತಾರೆ. ಕವರಾಲ್‌ನ ಅಂಚಿಗೆ ಸರಿಯಾಗಿ ಬಳಿದರೆ ಸಾಲದು. ಅಂಚಿನಿಂದ ಹೊರಗೆ ಒಂದಿಷ್ಟು ಹೆಚ್ಚು ಬಳಿಯಬೇಕು, 1024ರ ಚಿತ್ರದಲ್ಲಿ 20ರಿಂದ 30 ಪಿಕ್ಸೆಲ್, 512ರಲ್ಲಿ ಅದರ ಅರ್ಧ. ಇಲ್ಲದಿದ್ದರೆ ಹಳೆಯ ಬಟ್ಟೆಯ ಕಿತ್ತಳೆ ಗೆರೆ ಸುತ್ತ ಉಳಿದು, ಎಡಿಟರ್ ಅದನ್ನು ಹೊಸ ಉಡುಪಿನ ಅಂಚು ಎಂದೇ ತಿಳಿದುಕೊಳ್ಳುತ್ತದೆ. ಹೊಳೆಯುವ ಪಟ್ಟಿಯ ಒಂದು ತುದಿ ಹೊರಗೆ ಉಳಿದರಂತೂ ಅದನ್ನೇ ಮುಂದುವರಿಸಿ ಬೆಲ್ಟೋ ಬ್ಯಾಗಿನ ಪಟ್ಟಿಯೋ ಬಿಡಿಸಿಬಿಡುತ್ತದೆ.

ಗಲ್ಲ ಮತ್ತು ಕೈಬೆರಳನ್ನು ಮಾತ್ರ ಬಳಿಯಬಾರದು. ಬೆರಳು ಬಿಡಿಸುವುದರಲ್ಲಿ ಇಂಥ ಎಡಿಟರ್‌ಗಳು ಈಗಲೂ ತಪ್ಪುವುದುಂಟು.

ಒಂದು ಸಲಕ್ಕೆ ಒಂದೇ ಬದಲಾವಣೆ

ಈಗ ಪರೀಕ್ಷೆ. ಬೇಕಾದದ್ದು ಬಿಳಿ ಅಂಗಿ, ಅದರ ಮೇಲೆ ಎಡ ಹೆಗಲಿಗೆ ಜರಿ ಅಂಚಿನ ಶಲ್ಯ. ಇಂಥ ಎಡಿಟರ್‌ಗಳು ಇಂಗ್ಲಿಷಿನಲ್ಲಿ ಬರೆದದ್ದನ್ನೇ ಹೆಚ್ಚು ಚೆನ್ನಾಗಿ ಹಿಡಿಯುವುದರಿಂದ ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎನ್ನುವುದೇ ಮುಖ್ಯ ನಿಯಮ. ಪದವನ್ನೂ ಮಾಸ್ಕನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. 8 ಕ್ರೆಡಿಟ್ ಪರೀಕ್ಷೆಗೆ, 8 ಕ್ರೆಡಿಟ್ ಕೊನೆಯ ಕೆಲಸಕ್ಕೆ, 4 ಕ್ರೆಡಿಟ್ ಕೈಯಲ್ಲಿ ಎಂದು ಮೊದಲೇ ಹಂಚಿಕೊಂಡು ಕುಳಿತುಕೊಳ್ಳಬೇಕು.

ಮೊದಲ ಪರೀಕ್ಷೆಗೆ ಸುಮ್ಮನೆ `white shirt and shawl` ಎಂದು ಹಾಕಿದರೆ ಬರುವುದು ಚಳಿ ದೇಶದ ದಪ್ಪ ಉಣ್ಣೆ ಶಾಲು, ಅದೂ ಕುತ್ತಿಗೆಗೆ ಸುತ್ತಿದ್ದು. ಎಡಿಟರ್‌ಗೆ ಆ ಪದದ ಅರ್ಥವೇ ಅದು. ಎರಡನೆಯ ಪರೀಕ್ಷೆಯಲ್ಲಿ ಶಲ್ಯ ಬಿಟ್ಟು ಅಂಗಿಯೊಂದನ್ನೇ ಕೇಳಬೇಕು:

```
plain white cotton shirt, full sleeves, collar buttoned at the neck
```

ಕಾಲರ್ ಗುಂಡಿ ಹಾಕಿದ್ದು ಎಂದು ಕೇಳುವುದಕ್ಕೆ ಕಾರಣ ಇದೆ. ಕವರಾಲ್‌ನ ಕಾಲರ್ ಎತ್ತರಕ್ಕಿರುತ್ತದೆ. ತೆರೆದ ಕಾಲರ್ ಕೇಳಿದರೆ ಅಲ್ಲಿ ಕಾಣದಿದ್ದ ಕುತ್ತಿಗೆಯ ಚರ್ಮವನ್ನು ಎಡಿಟರ್ ತಾನೇ ಬಿಡಿಸಬೇಕಾಗುತ್ತದೆ, ಅದು ಬಿಸಿಲಿಗೆ ಕಪ್ಪಾದ ನಿಜವಾದ ಮುಖದ ಬಣ್ಣಕ್ಕೆ ಹೊಂದುವುದಿಲ್ಲ. ಮುಚ್ಚಿದ ಕಾಲರ್ ಆದರೆ ಆ ತೊಂದರೆಯೇ ಬಾರದು.

ಈ ಸಲ ಅಂಗಿ ಸರಿಯಾಗಿ ಬಂತು, ಆದರೆ ಭುಜದ ಮೇಲೆ ಬೂದು ಪಟ್ಟಿಯೊಂದು ಉಳಿಯಿತು ಎನ್ನಿ. ಅದು ಪದದ ತಪ್ಪಲ್ಲ, ಮಾಸ್ಕ್‌ನದ್ದು. ಮೂರನೆಯ ಪರೀಕ್ಷೆಯಲ್ಲಿ ಪದ ಹಾಗೇ ಇಟ್ಟು, ಭುಜದ ಬಳಿ ಸ್ವಲ್ಪ ಹೆಚ್ಚು ಬಳಿದರೆ ಪಟ್ಟಿ ಹೋಗುತ್ತದೆ.

ನಾಲ್ಕನೆಯದರಲ್ಲಿ ಶಲ್ಯ. ಕೊನೆಗೆ `shalya` ಎಂದೇ ಸೇರಿಸಿ ನೋಡಬಹುದು, ಆದರೆ ಆ ಪದ ಗೊತ್ತಿಲ್ಲದ ಎಡಿಟರ್ ಅದನ್ನು ಬಿಟ್ಟೇಬಿಡುತ್ತದೆ ಅಥವಾ ಹಾರದಂಥ ಏನನ್ನೋ ಹಾಕುತ್ತದೆ. ನಮ್ಮ ಉಡುಪಿನ ಹೆಸರು ಹೇಳುವ ಬದಲು ಅದು ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ವಿವರಿಸಬೇಕು. ಬಟ್ಟೆ ಯಾವುದು, ಹೇಗೆ ಮಡಿಸಿದೆ, ಎಲ್ಲಿಂದ ಎಲ್ಲಿಗೆ ಇಳಿದಿದೆ, ಇದು ಐದನೆಯ ಪರೀಕ್ಷೆ:

```
plain white cotton shirt, full sleeves, collar buttoned at the neck,
a folded cream silk cloth with a narrow gold border laid flat over
the shoulder on the right side of the image, hanging straight down
```

ಇಲ್ಲಿ `right side` ಎಂದಿರುವುದು ತಪ್ಪಲ್ಲ. ಶಲ್ಯ ಬೇಕಾದದ್ದು ಅವರ ಎಡ ಹೆಗಲಿಗೆ. ಆದರೆ ಎದುರಿನಿಂದ ತೆಗೆದ ಫೋಟೋದಲ್ಲಿ ಅವರ ಎಡ ನಮ್ಮ ಬಲಕ್ಕೆ ಬರುತ್ತದೆ. `left shoulder` ಎಂದು ಬರೆದರೆ ಎಡಿಟರ್ ಕೆಲವೊಮ್ಮೆ ಅವರ ಎಡ, ಕೆಲವೊಮ್ಮೆ ಚಿತ್ರದ ಎಡ ಎಂದು ಗೊಂದಲ ಮಾಡುತ್ತದೆ. ಚಿತ್ರದ ಯಾವ ಬದಿ ಎಂದೇ ಹೇಳಿಬಿಟ್ಟರೆ ಗೊಂದಲ ಕಡಿಮೆ.

ಆರನೆಯದು ಬೆಳಕಿನದ್ದು. ಫೋಟೋ ತೆಗೆದದ್ದು ಸೈಟ್‌ನಲ್ಲಿ, ನಡು ಮಧ್ಯಾಹ್ನ, ಬಿಸಿಲು ಚಿತ್ರದ ಎಡ ಮೇಲಿನಿಂದ ಬೀಳುತ್ತಿದೆ. ಅಂಗಿ ಮಾತ್ರ ಸ್ಟುಡಿಯೋದಲ್ಲಿ ತೆಗೆದಂತೆ ನೆರಳೇ ಇಲ್ಲದೆ ಬೆಳ್ಳಗೆ ಇದ್ದರೆ ಮುಖ ಬೇರೆ, ಮೈ ಬೇರೆ ಎಂಬಂತೆ ಕಾಣುತ್ತದೆ. ಪ್ರಾಂಪ್ಟ್‌ನ ಕೊನೆಗೆ ಇಷ್ಟು ಸೇರಿಸಿದರೆ ಮಡಿಕೆಗಳ ನೆರಳು ಬಲಕ್ಕೆ ಬಿದ್ದು ಹೊಂದಿಕೊಳ್ಳುತ್ತದೆ:

```
hard midday sunlight from the upper left
```

ಆರು ಪರೀಕ್ಷೆಗೆ ಹೋದದ್ದು 6 ಕ್ರೆಡಿಟ್. ಇಡೀ ಫೋಟೋ ಹಾಕಿದ್ದರೆ ಒಂದು ಸಲಕ್ಕೂ ಅದು ಸಾಲುತ್ತಿರಲಿಲ್ಲ.

ಪರೀಕ್ಷೆ ಪಾಸೋ ಫೇಲೋ?

ಸಣ್ಣ ತುಂಡಿನ ಫಲಿತಾಂಶ ನೋಡುವಾಗ ಯಾವ ತಪ್ಪನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಿರಬೇಕು. ಗುಂಡಿ ಮಸುಕಾಗಿದೆ, ಜರಿಯ ನೇಯ್ಗೆ ಸರಿಯಾಗಿ ಕಾಣುತ್ತಿಲ್ಲ ಎನ್ನುವುದು ಗಾತ್ರದ ದೋಷ. 1024ಕ್ಕೆ ಹೋದಾಗ ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಅದಕ್ಕಾಗಿ ಇನ್ನೊಂದು ಪರೀಕ್ಷೆ ಮಾಡುವುದು ದಂಡ.

ಆಕಾರದ ತಪ್ಪು ಮಾತ್ರ ದೊಡ್ಡದಾದರೂ ಹೋಗುವುದಿಲ್ಲ. ಗಲ್ಲದ ಕೆಳಗೆ ಕಾಲರ್ ಕುತ್ತಿಗೆಗೆ ಸೇರುವ ಜಾಗ, ಭುಜ ಹಿನ್ನೆಲೆಗೆ ಸೇರುವ ಅಂಚು, ತೋಳು ಮುಗಿದು ಕೈ ಶುರುವಾಗುವ ಜಾಗ ಈ ಮೂರನ್ನು ಹಿಗ್ಗಿಸಿ ನೋಡಿ. ಆಮೇಲೆ ಮೊಬೈಲನ್ನು ಒಂದು ಕೈಯಳತೆ ದೂರ ಹಿಡಿದು, ಕಾರ್ಡಿನಲ್ಲಿ ಬರುವಷ್ಟು ಚಿಕ್ಕದಾಗಿ ನೋಡಿ. ಹಿಗ್ಗಿಸಿದಾಗ ಕಂಡ ಎಷ್ಟೋ ಸಣ್ಣ ತಪ್ಪು ಆ ಗಾತ್ರದಲ್ಲಿ ಕಾಣುವುದೇ ಇಲ್ಲ. ಭುಜ ವಾಲಿದ್ದು, ಬೆಳಕು ಹೊಂದದ್ದು ಮಾತ್ರ ಆಗಲೇ ಎದ್ದು ಕಾಣುವುದು.

ಕೊನೆಯ ಕೆಲಸ, ಮತ್ತೆ ಜೋಡಿಸುವುದು

ಈಗ 1024 × 1024ರ ಪ್ರತಿ ತೆಗೆದುಕೊಂಡು, ಅದೇ ಜಾಗಕ್ಕೆ ಬಳಿದು, ಗೆದ್ದ ಪ್ರಾಂಪ್ಟನ್ನು ಒಂದಕ್ಷರ ಬದಲಿಸದೆ ಹಾಕಬೇಕು. ಪರೀಕ್ಷೆಯಲ್ಲಿ ಬಂದ ಅದೇ ಅಂಗಿ, ಅದೇ ಮಡಿಕೆ ಮತ್ತೆ ಬರುತ್ತದೆ ಎಂದು ಮಾತ್ರ ಎಣಿಸಬಾರದು. ಪ್ರತಿ ಸಲವೂ ಎಡಿಟರ್ ಒಂದು ಹೊಸ ಗೀಚು ಗೀಚಿನ ಚುಕ್ಕೆಗಳಿಂದ ಶುರು ಮಾಡುತ್ತದೆ. ಆ ಶುರುವನ್ನು ಗುರುತಿಸುವ ಸಂಖ್ಯೆಗೆ ಸೀಡ್ ಎನ್ನುತ್ತಾರೆ. ಕೆಲವು ಎಡಿಟರ್‌ಗಳಲ್ಲಿ ಸೀಡ್ ನಂಬರ್ ಹಾಕಲು ಜಾಗ ಇದ್ದರೂ, ಚಿತ್ರದ ಗಾತ್ರ ಬದಲಾದರೆ ಆ ಚುಕ್ಕೆಗಳ ಹಾಸೇ ಬದಲಾಗುವುದರಿಂದ ಫಲಿತಾಂಶವೂ ಬೇರೆಯಾಗುತ್ತದೆ. ಪರೀಕ್ಷೆಯಿಂದ ದೊಡ್ಡ ಚಿತ್ರಕ್ಕೆ ಒಯ್ಯಲು ಆಗುವುದು ಪದ ಮತ್ತು ಮಾಸ್ಕ್, ಚಿತ್ರವನ್ನಲ್ಲ. ಅದಕ್ಕೇ ಕೊನೆಯ ಕೆಲಸಕ್ಕೆ ಎರಡು ಸಲದ ಕ್ರೆಡಿಟ್ ಮೀಸಲಿಟ್ಟದ್ದು. ಮೊದಲ ಸಲ ಶಲ್ಯದ ಅಂಚು ಅಂಕುಡೊಂಕಾಗಿ ಬಂದರೆ, ಎರಡನೆಯ ಸಲ ಸರಿಯಾದೀತು. ಅಲ್ಲಿಗೆ 6 ಮತ್ತು 8 ಸೇರಿ 14 ಕ್ರೆಡಿಟ್ ಆಯಿತು. ಇನ್ನೂ 6 ಉಳಿದಿದೆ, ಅಂದರೆ ಬೇಕಿದ್ದರೆ ಇನ್ನೊಂದು ಸಲ ಓಡಿಸಬಹುದು.

ಬಂದ ತುಂಡನ್ನು ಕೆಲಸದ ಪ್ರತಿಗೆ ಅಂಟಿಸುವುದು ಉಚಿತ ಕೆಲಸ. ಪದರ ಅಂದರೆ ಲೇಯರ್ ಇಡಲು ಆಗುವ ಯಾವ ಸಾಫ್ಟ್‌ವೇರ್ ಆದರೂ ಸರಿ. ಕಂಪ್ಯೂಟರ್ ಇದ್ದರೆ ಜಿಂಪ್, ಬ್ರೌಸರ್‌ನಲ್ಲೇ ಮಾಡುವುದಾದರೆ ಫೋಟೊಪಿಯಾ, ಎರಡನ್ನೂ ಹಣ ಕೊಡದೆ ಬಳಸಬಹುದು. ಕೆಳಗೆ ಕೆಲಸದ ಪ್ರತಿ, ಮೇಲೆ ಹೊಸ ತುಂಡು. ಎಡದಿಂದ 128, ಮೇಲಿನಿಂದ 768ಕ್ಕೆ ಇಟ್ಟರೆ ಕರಾರುವಾಕ್ಕಾಗಿ ಕೂರುತ್ತದೆ. ಕೆಲವು ಎಡಿಟರ್‌ಗಳು ಹಿಂದೆ ಕೊಡುವಾಗ ಗಾತ್ರವನ್ನು ಸ್ವಲ್ಪ ಬದಲಿಸಿರುತ್ತವೆ. ಹಾಗಾಗಿ ಅಂಟಿಸುವ ಮೊದಲು ಅದು 1024 × 1024 ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಷ್ಟಕ್ಕೆ ತರಬೇಕು. ಆಮೇಲೆ ಮೃದು ಅಂಚಿನ ಎರೇಸರ್‌ನಿಂದ ಮೇಲಿನ ಪದರದಲ್ಲಿ ಗಲ್ಲ ಮತ್ತು ಹಿನ್ನೆಲೆಯ ಭಾಗವನ್ನು ಅಳಿಸಿದರೆ ಉಡುಪು ಮಾತ್ರ ಹೊಸದು, ಉಳಿದದ್ದೆಲ್ಲ ಮೂಲ ಫೋಟೋದ್ದೇ.

ಒಂದು ಸಂಗತಿ ಇಷ್ಟಾದ ಮೇಲೂ ಉಳಿಯುತ್ತದೆ. ಕಿತ್ತಳೆ ಕವರಾಲ್ ಮೇಲೆ ಬಿಸಿಲು ಬಿದ್ದು ಅದರ ಬಣ್ಣ ಗಲ್ಲದ ಕೆಳಗೆ ಪ್ರತಿಫಲಿಸಿರುತ್ತದೆ. ಬಿಳಿ ಅಂಗಿಯ ಮೇಲೆ ಆ ಕಿತ್ತಳೆ ಛಾಯೆ ವಿಚಿತ್ರವಾಗಿ ಕಾಣುತ್ತದೆ, ಏನೋ ಸರಿ ಇಲ್ಲ ಎಂದು ಅನಿಸಿದರೂ ಏನೆಂದು ತಿಳಿಯುವುದಿಲ್ಲ. ಇದಕ್ಕೆ ಕ್ರೆಡಿಟ್ ಬೇಡ. ಗಲ್ಲದ ಕೆಳಭಾಗವನ್ನಷ್ಟೇ ಆರಿಸಿ, ಬಣ್ಣದ ಗಾಢತೆ ಅಂದರೆ ಸ್ಯಾಚುರೇಶನ್ ಸ್ವಲ್ಪ ಇಳಿಸಿದರೆ ಸಾಕು.

ಈ ವಿಧಾನ ಎಲ್ಲಿ ಉಪಯೋಗಕ್ಕೆ ಬಾರದು?

ನಿಮ್ಮ ಎಡಿಟರ್ ಒಂದು ಸಲಕ್ಕೆ ಇಷ್ಟು ಎಂದು ಕಡಿತ ಮಾಡುವ ಬಗೆಯದ್ದಾದರೆ 512ಕ್ಕೆ ಇಳಿಸುವುದರಲ್ಲಿ ಲಾಭ ಇಲ್ಲ. ಅಲ್ಲಿ ಶುರುವಿನಿಂದಲೇ 1024ರ ತುಂಡನ್ನೇ ಬಳಸಬೇಕು. ಆಗ ಪ್ರತಿಯೊಂದು ಪರೀಕ್ಷೆಯೂ ಕೊನೆಯದ್ದೇ ಆಗಬಹುದು, ಚೆನ್ನಾಗಿ ಬಂದದ್ದನ್ನು ನೇರ ಅಂಟಿಸಿಬಿಡಬಹುದು. ಪರೀಕ್ಷೆ ಒಂದು ಎಡಿಟರ್‌ನಲ್ಲಿ, ಕೊನೆಯ ಕೆಲಸ ಇನ್ನೊಂದರಲ್ಲಿ ಮಾಡಿ ಉಳಿಸುವ ಉಪಾಯ ಹೆಚ್ಚಾಗಿ ಕೈಕೊಡುತ್ತದೆ. ಒಂದಕ್ಕೆ ಅರ್ಥವಾದ ಪದ ಇನ್ನೊಂದಕ್ಕೆ ಹಾಗೇ ಅರ್ಥವಾಗುವುದಿಲ್ಲ.

ಸೀರೆಯ ವಿಷಯವೂ ಬೇರೆ. ಹೆಗಲ ಮೇಲಿನ ಸೆರಗನ್ನು ಸಣ್ಣ ತುಂಡಿನಲ್ಲಿ ನೋಡಬಹುದು. ಆದರೆ ಸೊಂಟದ ನೆರಿಗೆಯಿಂದ ಸೆರಗಿನವರೆಗೆ ಬಟ್ಟೆ ಒಂದೇ ಓಟದಲ್ಲಿ ಹೋಗಬೇಕು. ಮೇಲಿನ ತುಂಡೊಂದು, ಕೆಳಗಿನದ್ದೊಂದು ಎಂದು ಬೇರೆ ಬೇರೆ ಮಾಡಿದರೆ ಅಂಚಿನ ಬಣ್ಣ, ಅಗಲ ಎರಡೂ ಸೇರುವುದಿಲ್ಲ. ಇಡೀ ಸೀರೆ ಕಾಣುವ ಫೋಟೋ ಬೇಕಾದರೆ ತುಂಡಿನಲ್ಲಿ ಬಣ್ಣ, ಬಟ್ಟೆ, ಅಂಚಿನ ಪದಗಳನ್ನಷ್ಟೇ ಪರೀಕ್ಷಿಸಿ, ಕೊನೆಗೆ ಇಡೀ ಉಡುಪನ್ನು ಒಟ್ಟಿಗೆ ಮಾಡಬೇಕು. ಅದಕ್ಕೆ ಕ್ರೆಡಿಟ್ ಹೆಚ್ಚು ಬೇಕು. ಅಷ್ಟು ಇಲ್ಲದಿದ್ದರೆ ಎದೆಯವರೆಗಿನ ಫೋಟೋದಲ್ಲೇ ತೃಪ್ತಿಪಡುವುದು ಜಾಣತನ.

ಇನ್ನು ಯಾವ ಕಾರಣಕ್ಕೂ ಮಾಡಬಾರದ ಎರಡು ಕೆಲಸ. ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ, ಇಕಾಮಾ ಇಂಥವಕ್ಕೆ ಉಡುಪು ಬದಲಿಸಿದ ಫೋಟೋ ಕೊಡಬೇಡಿ. ಭಾರತದ ಪಾಸ್‌ಪೋರ್ಟ್ ಫೋಟೋ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ತಿದ್ದಿದ್ದಾಗಿರಬಾರದು ಎಂದು ಸೂಚನೆಯಲ್ಲೇ ಇದೆ. ಫೋಟೋ ತಿರಸ್ಕಾರವಾದರೆ ಮತ್ತೆ ಅಪಾಯಿಂಟ್‌ಮೆಂಟ್, ಮತ್ತೆ ಒಂದು ದಿನದ ರಜೆ. ಎರಡನೆಯದು, ಬೇರೆಯವರ ಫೋಟೋ ಅವರನ್ನು ಕೇಳದೆ ಮುಟ್ಟುವುದು. ಯುಎಇಯ 2021ರ 34ನೇ ಫೆಡರಲ್ ಡಿಕ್ರಿ ಕಾನೂನಿನ ಪ್ರಕಾರ ಇನ್ನೊಬ್ಬರ ಮಾನ ಕಳೆಯಲು ಅವರ ಚಿತ್ರವನ್ನು ತಿದ್ದುವುದು ಅಪರಾಧ. ರೂಮಿನಲ್ಲಿ ತಮಾಷೆಗೆ ಎಂದು ಗೆಳೆಯನಿಗೆ ಬೇರೆ ಉಡುಪು ತೊಡಿಸಿ ಗ್ರೂಪಿಗೆ ಹಾಕಿದ್ದು, ಅವನಿಗೆ ತಮಾಷೆ ಅನಿಸದಿದ್ದರೆ ದೂರಿನವರೆಗೆ ಹೋಗಬಹುದು.

ಕಾರ್ಡಿನ ಫೋಟೋಗೆ ಬಂದರೆ, ಎಲ್ಲ ಮುಗಿದ ಮೇಲೆ ಪ್ರೆಸ್‌ಗೆ ಕಳಿಸುವ ಮೊದಲು ಮನೆಯವರಿಗೆ ಒಮ್ಮೆ ತೋರಿಸಿ. ಮುಖ ಮೂಲದ್ದೇ ಇದೆಯೇ, ಶಲ್ಯ ಸರಿಯಾದ ಹೆಗಲಿನಲ್ಲಿದೆಯೇ ಎಂದು ಮೊದಲು ಗುರುತಿಸುವವರು ಅವರೇ. ಗೆದ್ದ ಪ್ರಾಂಪ್ಟನ್ನು ಮೊಬೈಲಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಎಡಿಟರ್‌ನಲ್ಲಿ ಬಿಳಿ ಅಂಗಿ, ಶಲ್ಯ ಬೇಕಾದಾಗ ಆರು ಪರೀಕ್ಷೆಯ ಬದಲು ಒಂದೆರಡರಲ್ಲೇ ಕೆಲಸ ಮುಗಿದೀತು.